ವೀಕ್ಷಕರು ಎದ್ದು ಹೋದದ್ದೆಲ್ಲಿ? ಯೂಟ್ಯೂಬ್ ಗ್ರಾಫ್ ಓದುವ ಒಂದು ಪಾಠ



ನಾಟಕ ನಡೆಯುವಾಗ ಪ್ರೇಕ್ಷಕರು ಎದ್ದು ಹೊರಗೆ ಹೋದರೆ ವೇದಿಕೆಯ ಮೇಲಿದ್ದವರಿಗೆ ಅದು ಕಾಣುತ್ತದೆ. ಯಾವ ದೃಶ್ಯದಲ್ಲಿ ಕುರ್ಚಿಗಳು ಖಾಲಿಯಾದವು ಎಂದು ಪರದೆಯ ಹಿಂದೆ ನಿಂತವರೂ ಹೇಳಬಲ್ಲರು. ಯೂಟ್ಯೂಬ್‌ಗೆ ಹಾಕಿದ ವಿಡಿಯೋದ ವಿಷಯ ಹಾಗಲ್ಲ. "400 ಜನ ನೋಡಿದ್ದಾರೆ" ಎಂಬ ಒಂದು ಅಂಕಿ ಕಾಣಿಸುತ್ತದೆ, ನಾವು ಸಂತೋಷಪಡುತ್ತೇವೆ. ಆ 400ರಲ್ಲಿ ಎಷ್ಟು ಜನ ಕೊನೆಯವರೆಗೆ ಕುಳಿತಿದ್ದರು, ಎಷ್ಟು ಜನ ಮೊದಲ ಹತ್ತು ಸೆಕೆಂಡಿನಲ್ಲೇ ಬಾಗಿಲು ದಾಟಿದರು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಅದನ್ನು ಹೇಳುವುದು ಬೇರೊಂದು ಗ್ರಾಫ್. ವಿಡಿಯೋ ಹಾಕಿದವರಿಗೆ ಮಾತ್ರ ಕಾಣುವ ಆ ಗ್ರಾಫನ್ನು ಓದುವುದು ಹೇಗೆ, ಓದಿದ ಮೇಲೆ ಏನು ಮಾಡಬೇಕು ಎಂಬುದೇ ಈ ಪಾಠ.

ನಮ್ಮಲ್ಲಿ ಅನೇಕ ಕುಟುಂಬಗಳು ಈಗ ವಿಡಿಯೋ ಮಾಡುತ್ತಿವೆ. ಅಮ್ಮನ ಕೈಯಡುಗೆ, ಮಕ್ಕಳ ಕನ್ನಡ ಪಾಠ, ಕೂಟದ ರಾಜ್ಯೋತ್ಸವ, ಹೀಗೆ. ಅಮ್ಮ ಅಷ್ಟು ಅಕ್ಕರೆಯಿಂದ ಹೇಳಿಕೊಟ್ಟ ಪಾಕದ ಹದವನ್ನು ನೋಡಬೇಕಾದವರು ಅಲ್ಲಿಗೆ ತಲುಪುವ ಮೊದಲೇ ಹೊರಟುಹೋಗಿದ್ದರೆ, ಆ ವಿಡಿಯೋ ಮಾಡಿದ ಉದ್ದೇಶವೇ ಈಡೇರಲಿಲ್ಲ. ಆದ್ದರಿಂದ ಅಡುಗೆಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

ಮೊದಲು ಎರಡು ಪದಗಳು

ವಾಚ್ ಟೈಮ್ ಎಂದರೆ ಎಲ್ಲರೂ ಸೇರಿ ನೋಡಿದ ಒಟ್ಟು ಸಮಯ. 400 ವೀಕ್ಷಣೆಗಳಿದ್ದು, ಪ್ರತಿ ವೀಕ್ಷಣೆಗೆ ಸರಾಸರಿ 4 ನಿಮಿಷ ಬಂದರೆ ಒಟ್ಟು 1600 ನಿಮಿಷ, ಅಂದರೆ ಸುಮಾರು 27 ಗಂಟೆ. ಲೆಕ್ಕ ಇಷ್ಟೇ. ಮೊದಲು ಯೂಟ್ಯೂಬ್ ಕ್ಲಿಕ್‌ಗಳ ಸಂಖ್ಯೆಗೆ ಹೆಚ್ಚು ಬೆಲೆ ಕೊಡುತ್ತಿತ್ತು. ಆಕರ್ಷಕ ಶೀರ್ಷಿಕೆ ಹಾಕಿ, ಒಳಗೆ ಏನೂ ಇಲ್ಲದ ವಿಡಿಯೋಗಳು ಇದರಿಂದ ಮೇಲೆ ಬರುತ್ತಿದ್ದವು. 2012ರಲ್ಲಿ ಅವರು ಈ ಲೆಕ್ಕವನ್ನು ಬದಲಿಸಿ, ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಮಹತ್ವ ಕೊಡತೊಡಗಿದರು. ವಾಚ್ ಟೈಮ್ ಎಂಬ ಪದ ಎಲ್ಲರ ಬಾಯಲ್ಲೂ ಬಂದದ್ದು ಅಂದಿನಿಂದ.

ಎರಡನೆಯದು ಆಡಿಯನ್ಸ್ ರಿಟೆನ್ಷನ್. ಅಂದರೆ ವಿಡಿಯೋದ ಪ್ರತಿ ಕ್ಷಣದಲ್ಲಿ ಶೇಕಡಾ ಎಷ್ಟು ಜನ ಉಳಿದಿದ್ದಾರೆ ಎಂಬುದು. ಗ್ರಾಫಿನಲ್ಲಿ ಅಡ್ಡಕ್ಕೆ ವಿಡಿಯೋದ ಸಮಯ, ಲಂಬಕ್ಕೆ ಶೇಕಡಾವಾರು. ಗೆರೆ 100ರಲ್ಲಿ ಶುರುವಾಗಿ ಕೆಳಗಿಳಿಯುತ್ತಾ ಹೋಗುತ್ತದೆ. YouTube Studio ತೆರೆದು, Content ಪಟ್ಟಿಯಲ್ಲಿ ಒಂದು ವಿಡಿಯೋ ಆರಿಸಿ, Analytics ಒತ್ತಿದರೆ Key moments for audience retention ಎಂಬ ಹೆಸರಿನಲ್ಲಿ ಈ ಗೆರೆ ಸಿಗುತ್ತದೆ. ಹೊಸ ವಿಡಿಯೋ ಆದರೆ ಒಂದೆರಡು ದಿನ ಕಾಯಬೇಕು. ಗೆರೆಯ ಮೇಲೆ ಯೂಟ್ಯೂಬ್ ತಾನೇ ಗುರುತು ಹಾಕಿ ತೋರಿಸಬೇಕಾದರೆ ವಿಡಿಯೋ ಕನಿಷ್ಠ 60 ಸೆಕೆಂಡು ಇರಬೇಕು, 100 ವೀಕ್ಷಣೆಗಳಾದರೂ ಆಗಿರಬೇಕು.

ಒಂದು ಸೂಕ್ಷ್ಮ ಇಲ್ಲಿದೆ. ಗೆರೆ ಎಣಿಸುವುದು ಆ ಕ್ಷಣವನ್ನು ಎಷ್ಟು ಬಾರಿ ನೋಡಲಾಯಿತು ಎಂಬುದನ್ನು. ಅದನ್ನು ಒಟ್ಟು ವೀಕ್ಷಣೆಗಳಿಂದ ಭಾಗಿಸುತ್ತದೆ. ಒಬ್ಬರು ಹಿಂದಕ್ಕೆ ಹೋಗಿ ಅದೇ ಭಾಗವನ್ನು ಮತ್ತೆ ನೋಡಿದರೆ ಎರಡು ಬಾರಿ ಎಣಿಕೆಯಾಗುತ್ತದೆ. ಆದ್ದರಿಂದ ಇಳಿಯಬೇಕಾದ ಗೆರೆ ನಡುವೆ ಏರಲೂಬಹುದು, 100ನ್ನು ದಾಟಲೂಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಅಭ್ಯಾಸಕ್ಕೊಂದು ವಿಡಿಯೋ

ಅಭ್ಯಾಸಕ್ಕೆಂದು ಒಂದು ಮೈಸೂರು ಪಾಕ್ ವಿಡಿಯೋವನ್ನು ಕಲ್ಪಿಸಿಕೊಳ್ಳೋಣ. ಉದ್ದ ಸರಿಯಾಗಿ 10 ನಿಮಿಷ, ವೀಕ್ಷಣೆಗಳು 400. ಅಂಕಿಗಳು ಪಾಠಕ್ಕಾಗಿ ನಾನೇ ಇಟ್ಟುಕೊಂಡವು. ಆದರೆ ಗೆರೆಯ ಆಕಾರ ಮನೆಯಲ್ಲಿ ಮಾಡಿದ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ. ಪ್ರತಿ ಸಾಲಿನಲ್ಲಿ ಯಾವ ಸಮಯಕ್ಕೆ ಏನಾಗುತ್ತಿದೆ, ಆ ಭಾಗ ಶುರುವಾಗುವಾಗ ಶೇಕಡಾ ಎಷ್ಟು ಜನ ಇದ್ದಾರೆ ಎಂಬುದು ಇದೆ.

0:00 – ಕೂಟದ ಲಾಂಛನ, ಸಂಗೀತ – 100
0:12 – ನಮಸ್ಕಾರ, ಪರಿಚಯ, ಪ್ರಾಯೋಜಕರಿಗೆ ವಂದನೆ, ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕಥೆ – 78
1:20 – ಬೇಕಾಗುವ ಪದಾರ್ಥಗಳು – 48 (1:40ಕ್ಕೆ 54)
2:00 – ಕಡಲೆಹಿಟ್ಟು ಜರಡಿ ಹಿಡಿದು ಹುರಿಯುವುದು – 47
3:40 – ಸಕ್ಕರೆ ಪಾಕ ಕುದಿಯುವುದು – 43 (4:20ಕ್ಕೆ 30)
4:50 – ಒಂದೆಳೆ ಪಾಕದ ಪರೀಕ್ಷೆ – 41 (5:00ಕ್ಕೆ 52)
5:10 – ಹಿಟ್ಟು ಸೇರಿಸಿ, ಬಿಸಿ ತುಪ್ಪವನ್ನು ಸೌಟು ಸೌಟಾಗಿ ಹಾಕುವುದು – 42
7:30 – ತಟ್ಟೆಗೆ ಸುರಿಯುವುದು – 37
8:10 – ಬಿಸಿಯಿರುವಾಗಲೇ ಕತ್ತರಿಸುವುದು – 35
8:40 – "ಹೀಗೆ ಮೈಸೂರು ಪಾಕ್ ಸಿದ್ಧ", ವಂದನೆಗಳು, ಮುಂದಿನ ಕಾರ್ಯಕ್ರಮದ ಆಹ್ವಾನ – 33 (8:46ಕ್ಕೆ 20)
10:00 – ಮುಕ್ತಾಯ – 8

ಇಡೀ ಗೆರೆಯ ಸರಾಸರಿ ತೆಗೆದರೆ ಸುಮಾರು ಶೇಕಡಾ 40 ಬರುತ್ತದೆ. 10 ನಿಮಿಷದ ಶೇಕಡಾ 40 ಎಂದರೆ 4 ನಿಮಿಷ. ಅದೇ ಸರಾಸರಿ ನೋಡಿದ ಸಮಯ. ಅದನ್ನು 400ರಿಂದ ಗುಣಿಸಿದರೆ ಮೇಲೆ ಹೇಳಿದ 27 ಗಂಟೆ. ಅಂದರೆ ವಾಚ್ ಟೈಮ್ ಬೇರೆ, ಈ ಗೆರೆ ಬೇರೆ ಅಲ್ಲ. ಗೆರೆಯ ಕೆಳಗಿರುವ ಜಾಗವೇ ವಾಚ್ ಟೈಮ್. ಗೆರೆ ಎಲ್ಲಿ ಕುಸಿಯಿತೋ ಅಲ್ಲಿಂದ ಮುಂದಿನ ಎಲ್ಲ ನಿಮಿಷಗಳಲ್ಲೂ ಆ ನಷ್ಟ ಮುಂದುವರಿಯುತ್ತದೆ. ಆದ್ದರಿಂದ ಆರಂಭದಲ್ಲಿ ಹೋದ ಹತ್ತು ಜನ ಕೊನೆಯಲ್ಲಿ ಹೋದ ಹತ್ತು ಜನರಿಗಿಂತ ದುಬಾರಿ.

ಮೆಟ್ಟಿಲು, ಕಣಿವೆ, ಗುಡ್ಡ

ಗೆರೆಯಲ್ಲಿ ಏರುಪೇರು ಕಂಡ ತಕ್ಷಣ "ಇಲ್ಲಿ ಜನಕ್ಕೆ ಬೇಸರವಾಯಿತು" ಎಂದು ತೀರ್ಮಾನಿಸುವುದು ಬೇಡ. ಮೂರು ಬೇರೆ ಬೇರೆ ಆಕಾರಗಳಿವೆ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೆಟ್ಟಿಲು ಎಂದರೆ ಗೆರೆ ಇಳಿದು, ಇಳಿದಲ್ಲೇ ಉಳಿಯುವುದು. ಹೋದವರು ವಾಪಸ್ ಬರಲಿಲ್ಲ. ನಮ್ಮ ವಿಡಿಯೋದಲ್ಲಿ ಮೊದಲ 80 ಸೆಕೆಂಡು ಹೀಗಿದೆ, 8:40ರ ನಂತರವೂ ಹೀಗಿದೆ.

ಕಣಿವೆ ಎಂದರೆ ಗೆರೆ ಇಳಿದು ಮತ್ತೆ ಮೇಲೆ ಬರುವುದು. ಜನ ವಿಡಿಯೋ ಬಿಟ್ಟು ಹೋಗಲಿಲ್ಲ, ಆ ಭಾಗವನ್ನು ಮಾತ್ರ ಹಾರಿಸಿ ಮುಂದಕ್ಕೆ ಹೋದರು. ಪಾಕ ಕುದಿಯುವಾಗ 43 ಇದ್ದದ್ದು 30ಕ್ಕೆ ಇಳಿದು, ಮತ್ತೆ 41 ಆಗಿದೆ. ಇಳಿದ 13ರಲ್ಲಿ 11 ಮರಳಿ ಬಂದಿದೆ. ನಿಜವಾದ ನಷ್ಟ 2 ಮಾತ್ರ.

ಗುಡ್ಡ ಎಂದರೆ ಗೆರೆ ಏರಿ ಮತ್ತೆ ಇಳಿಯುವುದು. ಇದಕ್ಕೆ ಎರಡು ಕಾರಣಗಳಿರಬಹುದು. ಇದ್ದವರೇ ಆ ಭಾಗವನ್ನು ಮತ್ತೆ ಮತ್ತೆ ನೋಡಿರಬಹುದು, ಇಲ್ಲವೇ ಹೊಸಬರು ಬೇರೆ ಭಾಗಗಳನ್ನು ಹಾರಿಸಿ ನೇರವಾಗಿ ಅಲ್ಲಿಗೆ ಬಂದಿರಬಹುದು. ಯಾವುದು ಎಂದು ತಿಳಿಯಲು ಗುಡ್ಡದ ಎರಡೂ ಬದಿಯ ಎತ್ತರ ನೋಡಿ. ಪದಾರ್ಥಗಳ ಭಾಗದಲ್ಲಿ ಗುಡ್ಡಕ್ಕೆ ಮೊದಲು 48, ತುದಿಯಲ್ಲಿ 54, ನಂತರ 47. ಮುಂಚಿನ ಮಟ್ಟಕ್ಕೇ ಮರಳಿದೆ. ಹಾಗಾದರೆ ಇದ್ದವರೇ ಹಿಂದಕ್ಕೆ ಹೋಗಿ ಮತ್ತೆ ನೋಡಿರುವ ಸಾಧ್ಯತೆ ಹೆಚ್ಚು. ನಂತರದ ಮಟ್ಟ 47 ಆಗದೆ 53ರಲ್ಲೇ ನಿಂತಿದ್ದರೆ, ಹೊಸಬರು ಬಂದು ಸೇರಿ ಮುಂದೆಯೂ ಕುಳಿತರು ಎಂದು ಅರ್ಥ. ಒಂದೆಳೆ ಪಾಕದ ಗುಡ್ಡವೂ 41ರಿಂದ 52ಕ್ಕೆ ಏರಿ 42ಕ್ಕೆ ಮರಳಿದೆ. ಅದೂ ಮರುವೀಕ್ಷಣೆಯೇ.

ನಷ್ಟವನ್ನು ಉಳಿದವರ ಲೆಕ್ಕದಲ್ಲಿ ನೋಡಿ

ಗೆರೆಯ ಇಳಿತವನ್ನು ಕಣ್ಣಳತೆಯಲ್ಲಿ ಅಳೆದರೆ ಮೋಸಹೋಗುವ ಸಂಭವ ಇದೆ. 100ರಿಂದ 90ಕ್ಕೆ ಇಳಿಯುವುದೂ 40ರಿಂದ 30ಕ್ಕೆ ಇಳಿಯುವುದೂ ಚಿತ್ರದಲ್ಲಿ ಒಂದೇ ಎತ್ತರ. ಆದರೆ ಮೊದಲನೆಯದರಲ್ಲಿ ಹತ್ತರಲ್ಲಿ ಒಬ್ಬರು ಹೋದರು, ಎರಡನೆಯದರಲ್ಲಿ ನಾಲ್ವರಲ್ಲಿ ಒಬ್ಬರು. ಆದ್ದರಿಂದ ಪ್ರತಿ ಭಾಗಕ್ಕೂ "ಇದು ಶುರುವಾದಾಗ ಇದ್ದವರಲ್ಲಿ ಎಷ್ಟು ಪಾಲು ಹೋದರು?" ಎಂದು ಕೇಳಿಕೊಳ್ಳಬೇಕು.

ಹಾಗೆ ಕೇಳಿದಾಗ ನಮ್ಮ ವಿಡಿಯೋದಲ್ಲಿ ಒಂದು ಸ್ವಾರಸ್ಯ ಹೊರಬೀಳುತ್ತದೆ. ಮೊದಲ 80 ಸೆಕೆಂಡಿನಲ್ಲಿ 100ರಲ್ಲಿ 52 ಜನ ಹೋದರು, ಅರ್ಧಕ್ಕಿಂತ ಹೆಚ್ಚು. ನಂತರ ಹಿಟ್ಟು ಹುರಿಯುವ 100 ಸೆಕೆಂಡಿನಲ್ಲಿ 47ರಲ್ಲಿ 4 ಜನ ಮಾತ್ರ ಹೋದರು. ಬಾಣಲೆಯಲ್ಲಿ ಹಿಟ್ಟು ಮೆಲ್ಲಗೆ ಕೈಯಾಡಿಸುವುದನ್ನು ನೋಡುತ್ತಾ ಜನ ಕುಳಿತಿದ್ದಾರೆ! "ಈಗಿನ ಕಾಲದವರಿಗೆ ತಾಳ್ಮೆ ಇಲ್ಲ, ಎಲ್ಲ ಬೇಗ ಬೇಗ ಆಗಬೇಕು" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಗೆರೆ ಹೇಳುವುದು ಹಾಗಲ್ಲ. ನಿಧಾನದ ಕೆಲಸಕ್ಕೆ ಜನ ಬೇಸರಪಟ್ಟಿಲ್ಲ. ಕೆಲಸ ಶುರುವಾಗದೆ ಇದ್ದದ್ದಕ್ಕೆ ಎದ್ದು ಹೋಗಿದ್ದಾರೆ. ಹುರಿಯುವ ಭಾಗವನ್ನು ಕತ್ತರಿಸಿ ವೇಗ ಹೆಚ್ಚಿಸಿದ್ದರೆ, ಕಲಿಯಲು ಬಂದವರಿಗೆ ಬೇಕಾದದ್ದನ್ನೇ ತೆಗೆದುಹಾಕಿದಂತಾಗುತ್ತಿತ್ತು.

ಇನ್ನೊಂದು ಮಾತು. ಇಳಿತ ಕಾಣುವ ಜಾಗ ಮತ್ತು ಅದರ ಕಾರಣ ಒಂದೇ ಸೆಕೆಂಡಿನಲ್ಲಿ ಇರುವುದಿಲ್ಲ. ಬೇಸರವಾಗಿ, ರಿಮೋಟ್ ಹುಡುಕಿ, ಒತ್ತುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಇಳಿತ ಕಂಡರೆ ಅದಕ್ಕೆ 5–10 ಸೆಕೆಂಡು ಹಿಂದಿನಿಂದ ವಿಡಿಯೋ ನೋಡಿ. ಧ್ವನಿ ಹಾಕಿಕೊಂಡೇ ನೋಡಿ, ಏಕೆಂದರೆ ಕಾರಣ ಎಷ್ಟೋ ಸಲ ಒಂದು ಮಾತಿನಲ್ಲಿರುತ್ತದೆ. 8:40ರಲ್ಲಿ "ಹೀಗೆ ಮೈಸೂರು ಪಾಕ್ ಸಿದ್ಧ" ಎಂದ ಕೂಡಲೇ 33 ಇದ್ದದ್ದು ಆರು ಸೆಕೆಂಡಿನಲ್ಲಿ 20 ಆಯಿತು. ಊಟ ಮುಗಿದು ಮಜ್ಜಿಗೆ ಅನ್ನ ಬಂದಾಗ ಎಲೆ ಮಡಿಚಲು ಸಿದ್ಧರಾಗುವಂತೆ, ಆ ಮಾತು "ಇನ್ನು ಏಳಬಹುದು" ಎಂದು ಹೇಳಿದಂತೆ ಕೇಳಿಸುತ್ತದೆ.

ಒಂದೊಂದು ಜಾಗಕ್ಕೂ ಮದ್ದು

ಆರಂಭದ ಮೆಟ್ಟಿಲು. ಮೊದಲ 12 ಸೆಕೆಂಡಿನಲ್ಲೇ 22 ಜನ ಹೋಗಿದ್ದಾರೆ. ತಪ್ಪಿ ಕ್ಲಿಕ್ ಮಾಡಿದವರು ಸ್ವಲ್ಪ ಜನ ಯಾವಾಗಲೂ ಇರುತ್ತಾರೆ, ಆ ನಷ್ಟವನ್ನು ಸೊನ್ನೆ ಮಾಡಲಾಗದು. ಆದರೆ ಹೊರಗಿನ ಚಿತ್ರದಲ್ಲಿ ಗೂಡುಗೂಡಾದ ಮೈಸೂರು ಪಾಕ್ ನೋಡಿ ಒಳಗೆ ಬಂದವರಿಗೆ ಮೊದಲು ಕಂಡದ್ದು ತಿರುಗುವ ಲಾಂಛನ. ತಾವು ಸರಿಯಾದ ಜಾಗಕ್ಕೆ ಬಂದಿದ್ದೇವೆಯೇ ಎಂಬುದು ಅವರಿಗೆ ತಿಳಿಯಲಿಲ್ಲ. ಮದ್ದು ಸರಳ. ಮೊದಲ ಐದು ಸೆಕೆಂಡಿನಲ್ಲಿ ಒಂದು ತುಂಡನ್ನು ಮುರಿದು ಒಳಗಿನ ಗೂಡು ತೋರಿಸಿ. ಮುಂದಿನ ಹತ್ತು ಸೆಕೆಂಡಿನಲ್ಲಿ ಈ ವಿಡಿಯೋ ಯಾವ ಕಷ್ಟವನ್ನು ಬಿಡಿಸುತ್ತದೆ ಎಂದು ಹೇಳಿ. ಉದಾಹರಣೆಗೆ "ಎಲೆಕ್ಟ್ರಿಕ್ ಒಲೆಯಲ್ಲಿ ಮಾಡಿದಾಗ ಮೈಸೂರು ಪಾಕ್ ಕಲ್ಲಾಗುತ್ತದೆ ಎನ್ನುವವರಿಗೆ ಪಾಕದ ಹದ ತೋರಿಸುತ್ತೇನೆ." ನಂತರ ನೇರವಾಗಿ ಪದಾರ್ಥಗಳಿಗೆ ಬನ್ನಿ. ಪ್ರಾಯೋಜಕರ ವಂದನೆಯನ್ನು ವಿಡಿಯೋದ ಕೆಳಗಿನ ವಿವರಣೆಯಲ್ಲಿ ಬರೆಯಬಹುದು.

ಹಾಗಾದರೆ ಅರಮನೆಯ ಕಥೆಯನ್ನು ಬಿಸಾಡಬೇಕೇ? ಬೇಡ. ಕಥೆ ಚೆನ್ನಾಗಿದೆ, ಇಟ್ಟ ಜಾಗ ಸರಿಯಿಲ್ಲ. ಅದಕ್ಕೆ ಒಳ್ಳೆಯ ಜಾಗ ಮುಂದಿನ ಕಣಿವೆಯಲ್ಲೇ ಇದೆ.

ಪಾಕ ಕುದಿಯುವ ಕಣಿವೆ. 70 ಸೆಕೆಂಡು ಪಾತ್ರೆ ಕುದಿಯುವುದನ್ನು ಬಿಟ್ಟರೆ ಏನೂ ಆಗುವುದಿಲ್ಲ. ಜನ ಹಾರಿಸಿ ಮುಂದೆ ಹೋಗಿದ್ದಾರೆ. ಇಲ್ಲಿ ಎರಡು ದಾರಿ. ಈ ಭಾಗವನ್ನು 25 ಸೆಕೆಂಡಿಗೆ ಇಳಿಸಿ, ಅಥವಾ ಮಾದಪ್ಪನವರ ಕಥೆಯನ್ನು ಇಲ್ಲಿ ಹೇಳಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಕೈಗೆ ಕೆಲಸವಿಲ್ಲದೆ ಒಲೆ ಮುಂದೆ ಕಾಯುವಾಗ ಕಥೆ ಹೇಳುತ್ತಿದ್ದರು.

ಪದಾರ್ಥಗಳ ಗುಡ್ಡ. ಜನ ಹಿಂದಕ್ಕೆ ಹೋಗಿ ನೋಡಿದ್ದಾರೆ ಎಂದರೆ ಬರೆದುಕೊಳ್ಳಲು ಸಮಯ ಸಾಲಲಿಲ್ಲ ಎಂದರ್ಥ. ಅಳತೆಗಳೆಲ್ಲವನ್ನೂ ಒಂದೇ ಪರದೆಯಲ್ಲಿ ಕೆಲವು ಸೆಕೆಂಡು ನಿಲ್ಲಿಸಿ, ವಿವರಣೆಯಲ್ಲೂ ಬರೆಯಿರಿ. ಇದರಿಂದ ಗುಡ್ಡ ಚಪ್ಪಟೆಯಾಗಿ ವಾಚ್ ಟೈಮ್ ಕೆಲವು ಸೆಕೆಂಡು ಕಡಿಮೆಯಾಗಬಹುದು. ಚಿಂತೆಯಿಲ್ಲ. ಓದಲಾಗದ್ದಕ್ಕೆ ಮತ್ತೆ ನೋಡುವುದು ವೀಕ್ಷಕರಿಗೆ ಕಿರಿಕಿರಿಯೇ ಹೊರತು ಸಂತೋಷವಲ್ಲ.

ಒಂದೆಳೆ ಪಾಕದ ಗುಡ್ಡ. ಇದು ಬೇರೆ ಜಾತಿಯದು. ಮೈಸೂರು ಪಾಕ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಪಾಕ ಎಳೆ ಬರುವ ಮೊದಲೇ ಹಿಟ್ಟು ಹಾಕಿದರೆ ಗಟ್ಟಿಯಾಗದೆ ಹಲ್ವದಂತೆ ಉಳಿಯುತ್ತದೆ, ಹದ ಮೀರಿದರೆ ಕಲ್ಲಾಗುತ್ತದೆ. ಜನರಿಗೆ ಬೇಕಾದದ್ದು ಇದೇ, ನಾವು ಕೊಟ್ಟದ್ದು 20 ಸೆಕೆಂಡು ಮಾತ್ರ. ಮುಂದಿನ ಸಲ ಕ್ಯಾಮೆರಾ ಹತ್ತಿರ ಇಟ್ಟು, ಎರಡು ಬೆರಳ ನಡುವೆ ಎಳೆ ಬಾರದ ಪಾಕ, ಒಂದೆಳೆ ಬಂದ ಪಾಕ, ಹದ ಮೀರಿದ ಪಾಕ, ಮೂರನ್ನೂ ತೋರಿಸಿ. ಈ ಭಾಗವನ್ನೇ ಪ್ರತ್ಯೇಕ ಚಿಕ್ಕ ವಿಡಿಯೋ ಮಾಡಿದರೂ ಒಳ್ಳೆಯದು. ಗುಡ್ಡ ಎಲ್ಲಿದೆಯೋ ಅಲ್ಲಿ ಮುಂದಿನ ವಿಡಿಯೋದ ವಿಷಯ ಅಡಗಿರುತ್ತದೆ.

ಕೊನೆಯ ಮೆಟ್ಟಿಲು. ತಿಂಡಿ ಸಿದ್ಧವಾದ ಮೇಲೆ ಜನ ಹೋಗುವುದು ಸಹಜ, ಅವರು ಬಂದ ಕೆಲಸ ಮುಗಿದಿದೆ. ಇಲ್ಲಿ ಮಾಡಬೇಕಾದದ್ದು 80 ಸೆಕೆಂಡಿನ ವಂದನಾರ್ಪಣೆಯನ್ನು ಮೊಟಕುಗೊಳಿಸುವುದು ಮಾತ್ರ. ಇನ್ನೊಂದು ವಿಡಿಯೋಗೆ ಕರೆಯುವ end screen ಎಂಬ ಚೌಕವನ್ನು ವಿಡಿಯೋದ ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಮಾತ್ರ ಹಾಕಬಹುದು. ನಮ್ಮ ವಿಡಿಯೋದಲ್ಲಿ ಆ ಹೊತ್ತಿಗೆ ಉಳಿದವರು 100ಕ್ಕೆ ಸುಮಾರು 10 ಜನ. ವಂದನೆಯನ್ನು 15 ಸೆಕೆಂಡಿಗೆ ಇಳಿಸಿದರೆ ಅದೇ ಚೌಕ 33 ಜನ ಇರುವಾಗಲೇ ತೆರೆದುಕೊಳ್ಳುತ್ತದೆ.

ಈಗಾಗಲೇ ಹಾಕಿದ ವಿಡಿಯೋಗೆ ಏನು ಮಾಡಬಹುದು?

ಯೂಟ್ಯೂಬ್‌ನಲ್ಲಿ ಹಾಕಿದ ಫೈಲನ್ನು ಬದಲಿಸಿ ಅದೇ ಕೊಂಡಿಯಲ್ಲಿ ಬೇರೆ ಫೈಲ್ ಇಡಲು ಬರುವುದಿಲ್ಲ. ಆದರೆ Studioದ Editorನಲ್ಲಿ ಬೇಡದ ಭಾಗ ಕತ್ತರಿಸಿ ತೆಗೆಯಬಹುದು. ಕೊಂಡಿ, ವೀಕ್ಷಣೆಗಳ ಸಂಖ್ಯೆ, ಟಿಪ್ಪಣಿಗಳು ಎಲ್ಲ ಹಾಗೆಯೇ ಉಳಿಯುತ್ತವೆ. ಕಥೆಯನ್ನು ಎತ್ತಿ ಬೇರೆ ಕಡೆ ಇಡುವುದು ಅಲ್ಲಿ ಸಾಧ್ಯವಿಲ್ಲ. ಅದಕ್ಕೆ ಮನೆಯಲ್ಲಿ ಹೊಸದಾಗಿ ಜೋಡಿಸಿ ಹೊಸ ವಿಡಿಯೋ ಆಗಿಯೇ ಹಾಕಬೇಕು. ಹಳೆಯದಕ್ಕೆ ಕತ್ತರಿ ಸಾಕು ಎಂದುಕೊಳ್ಳೋಣ.

0:00ರಿಂದ 1:05, 3:55ರಿಂದ 4:40, 8:55ರಿಂದ 10:00, ಈ ಮೂರು ತುಂಡುಗಳನ್ನು ತೆಗೆದರೆ ವಿಡಿಯೋ 7:05 ಆಗುತ್ತದೆ. ಕತ್ತರಿಸುವ ಮುನ್ನ ಮೂಲ ಪ್ರತಿ ಮನೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಕತ್ತರಿ ವಾಕ್ಯದ ನಡುವೆ ಬೀಳದಂತೆ ಒಂದೆರಡು ಸೆಕೆಂಡು ಆಚೀಚೆ ಮಾಡಿ.

ಜೊತೆಗೆ ಅಧ್ಯಾಯಗಳನ್ನು ಕೊಡಿ. ಹಾರಿಸಿ ಹೋಗಬೇಕೆನ್ನುವವರು ದಾರಿ ಸಿಗದೆ ವಿಡಿಯೋವನ್ನೇ ಬಿಟ್ಟು ಹೋಗುವುದನ್ನು ಇದು ತಡೆಯುತ್ತದೆ. ವಿವರಣೆಯಲ್ಲಿ ಹೀಗೆ ಬರೆದರೆ ಸಾಕು:

```
0:00 ಬೇಕಾಗುವ ಪದಾರ್ಥಗಳು
0:55 ಹಿಟ್ಟು ಹುರಿಯುವುದು
2:35 ಪಾಕ ಕುದಿಸುವುದು
3:00 ಒಂದೆಳೆ ಪಾಕದ ಪರೀಕ್ಷೆ
3:20 ತುಪ್ಪ ಹಾಕುವುದು
5:40 ತಟ್ಟೆಗೆ ಸುರಿಯುವುದು
```

ಮೊದಲ ಸಾಲು 0:00 ಇರಲೇಬೇಕು, ಕನಿಷ್ಠ ಮೂರು ಸಾಲುಗಳಿರಬೇಕು, ಸಮಯ ಏರುಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ ಕನಿಷ್ಠ 10 ಸೆಕೆಂಡು ಇರಬೇಕು. ಮೊದಲೇ ಅಧ್ಯಾಯಗಳನ್ನು ಬರೆದಿದ್ದರೆ, ಕತ್ತರಿಸಿದ ಮೇಲೆ ಹಳೆಯ ಸಮಯಗಳನ್ನು ನೀವೇ ತಿದ್ದಬೇಕು. end screen ಕೂಡ ಸರಿಯಾದ ಜಾಗದಲ್ಲಿದೆಯೇ ಎಂದು ಒಮ್ಮೆ ನೋಡಿ.

ಸುಧಾರಿಸಿತೇ ಎಂದು ತಿಳಿಯುವುದು ಹೇಗೆ?

ಇಲ್ಲೊಂದು ಬಲೆ ಇದೆ. ಮೊದಲಿನ ವಿಡಿಯೋದಲ್ಲಿ ಜನ ಸರಾಸರಿ 4 ನಿಮಿಷ ನೋಡುತ್ತಿದ್ದರು, ಅದು 10 ನಿಮಿಷದ ಶೇಕಡಾ 40. ಕತ್ತರಿಸಿದ ಮೇಲೂ ಅವರು ಅದೇ 4 ನಿಮಿಷ ನೋಡಿದರೆ, 7:05ರ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 56. ಯಾರೂ ಒಂದು ಸೆಕೆಂಡೂ ಹೆಚ್ಚು ನೋಡಿಲ್ಲ, ಆದರೂ ಅಂಕಿ ಜಿಗಿದಿದೆ! ಚಿಕ್ಕ ವಿಡಿಯೋಗೆ ಶೇಕಡಾವಾರು ತಾನಾಗಿಯೇ ಹೆಚ್ಚು ಬರುತ್ತದೆ. ಆದ್ದರಿಂದ ಬೇರೆ ಬೇರೆ ಉದ್ದದ ವಿಡಿಯೋಗಳ ಶೇಕಡಾವಾರನ್ನು ಒಂದಕ್ಕೊಂದು ಹೋಲಿಸಬೇಡಿ. ಯೂಟ್ಯೂಬ್ ಕೂಡ ನಿಮ್ಮದೇ ಚಾನೆಲ್‌ನ ಹೆಚ್ಚುಕಡಿಮೆ ಅಷ್ಟೇ ಉದ್ದದ ಇತ್ತೀಚಿನ ವಿಡಿಯೋಗಳ ಜೊತೆ ಮಾತ್ರ ಹೋಲಿಸಿ ತೋರಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಅಳತೆ ಒಂದು ಮೈಲಿಗಲ್ಲನ್ನು ಆರಿಸಿಕೊಳ್ಳುವುದು. ನಮ್ಮ ವಿಡಿಯೋದಲ್ಲಿ ಅದು ತುಪ್ಪ ಹಾಕಲು ಶುರುಮಾಡುವ ಕ್ಷಣ. ಅಲ್ಲಿಗೆ ಬಂದವರು ಪಾಕದ ಹದವನ್ನು ದಾಟಿಕೊಂಡು ಬಂದಿದ್ದಾರೆ. ಹಳೆಯ ಗೆರೆಯಲ್ಲಿ 5:10ಕ್ಕೆ 42 ಇತ್ತು. ಹೊಸದರಲ್ಲಿ ಅದೇ ಕ್ಷಣ 3:20ಕ್ಕೆ ಬರುತ್ತದೆ. ಕತ್ತರಿಸಿದ ದಿನದ ನಂತರದ ದಿನಾಂಕಗಳನ್ನು ಮಾತ್ರ ಆರಿಸಿಕೊಂಡು, ಅಲ್ಲಿ ಗೆರೆ ಎಷ್ಟಿದೆ ನೋಡಿ. 42ರಿಂದ 55 ಆಗಿದ್ದರೆ ಕತ್ತರಿ ಫಲ ಕೊಟ್ಟಿದೆ. 43 ಆಗಿದ್ದರೆ ಜನ ಹೋಗುವ ಕಾರಣ ಬೇರೆಲ್ಲೋ ಇದೆ.

ಎಷ್ಟು ವೀಕ್ಷಣೆಗಳ ಮೇಲೆ ಈ ತೀರ್ಮಾನ ಎಂಬುದೂ ಮುಖ್ಯ. 400 ವೀಕ್ಷಣೆಗಳಿದ್ದಾಗ ಶೇಕಡಾ 1 ಎಂದರೆ 4 ವೀಕ್ಷಣೆಗಳು, 2–3 ಅಂಶಗಳ ವ್ಯತ್ಯಾಸ ಆಕಸ್ಮಿಕವಾಗಿಯೇ ಬರಬಹುದು. 40 ವೀಕ್ಷಣೆಗಳಷ್ಟೇ ಇದ್ದರೆ 8–10 ಅಂಶಗಳ ವ್ಯತ್ಯಾಸವೂ ಆಕಸ್ಮಿಕವಿರಬಹುದು. ಯಾರದೋ ಮನೆಯ ಮಗು ರಿಮೋಟ್ ಒತ್ತಿದರೂ ಒಂದು ಮೆಟ್ಟಿಲು ಮೂಡುತ್ತದೆ. ಅಂಥಲ್ಲಿ ಒಂದೇ ವಿಡಿಯೋ ನೋಡಿ ನಿರ್ಧರಿಸದೆ, ನಾಲ್ಕೈದು ವಿಡಿಯೋಗಳಲ್ಲಿ ಅದೇ ಬಗೆಯ ಜಾಗದಲ್ಲಿ ಅದೇ ಆಕಾರ ಇದೆಯೇ ಎಂದು ನೋಡಬೇಕು.

ಯಾರು ಹೋದರು ಎಂಬುದನ್ನೂ ಸ್ವಲ್ಪ ಮಟ್ಟಿಗೆ ಬಿಡಿಸಿ ನೋಡಬಹುದು. ಹೊಸ ವೀಕ್ಷಕರು ಮತ್ತು ಮರಳಿ ಬರುವವರು, ಚಂದಾದಾರರು ಮತ್ತು ಅಲ್ಲದವರು ಎಂದು ಗೆರೆಯನ್ನು ಬೇರೆ ಮಾಡುವ ಸೌಲಭ್ಯ ಇದೆ. ಕೂಟದ ಸದಸ್ಯರಿಗೆ ಪರಿಚಯದ ಮುಖ ನೋಡುವುದೇ ಸಂತೋಷ, ಅವರು ವಂದನೆಯನ್ನೂ ಕೇಳುತ್ತಾರೆ. ಆರಂಭದ ಮೆಟ್ಟಿಲು ಹೊಸಬರ ಗೆರೆಯಲ್ಲಿ ಮಾತ್ರ ಆಳವಾಗಿದ್ದರೆ, ವಿಡಿಯೋ ಯಾರಿಗಾಗಿ ಎಂಬುದನ್ನು ನೀವೇ ನಿರ್ಧರಿಸಬೇಕು. ಅದಕ್ಕೆ ಗ್ರಾಫಿನಲ್ಲಿ ಉತ್ತರವಿಲ್ಲ.

ಉದ್ದನೆಯ ಕಾರ್ಯಕ್ರಮಗಳ ವಿಷಯ

ಕೊನೆಯದಾಗಿ ನಮ್ಮಂಥ ಕೂಟಗಳಿಗೆ ತೀರಾ ಸಂಬಂಧಿಸಿದ ಒಂದು ಮಿತಿ. ಯೂಟ್ಯೂಬ್ ಪ್ರೋಗ್ರಾಮರುಗಳಿಗೆ ಕೊಡುವ ಈ ಗೆರೆಯ ದತ್ತಾಂಶದಲ್ಲಿ, ವಿಡಿಯೋ ಎಷ್ಟೇ ಉದ್ದವಿರಲಿ, 100 ಬಿಂದುಗಳೇ ಇರುತ್ತವೆ. 10 ನಿಮಿಷದ ವಿಡಿಯೋದಲ್ಲಿ ಒಂದು ಬಿಂದು 6 ಸೆಕೆಂಡಿಗೆ ಸಮ. ಅದು ಸಾಕಷ್ಟು ಸ್ಪಷ್ಟ. ಎರಡು ಗಂಟೆಯ ರಾಜ್ಯೋತ್ಸವದ ಮುದ್ರಣದಲ್ಲಿ ಒಂದು ಬಿಂದು 72 ಸೆಕೆಂಡು. ಮೈಕ್ ಕೀಚ್ ಎಂದು ಕೂಗಿದ ಹತ್ತು ಸೆಕೆಂಡು, ನಿರೂಪಕರು ಬರುವ ತನಕ ಖಾಲಿ ನಿಂತ ವೇದಿಕೆ, ಇವೆಲ್ಲ ಒಂದೇ ಬಿಂದುವಿನೊಳಗೆ ಕರಗಿಹೋಗುತ್ತವೆ. ಮೇಲಾಗಿ ಮಗಳ ನೃತ್ಯ ನೋಡಲು ಬಂದ ಊರಿನ ಅಜ್ಜ ಅಜ್ಜಿ ಅಷ್ಟನ್ನೇ ಹುಡುಕಿ ನೋಡಿ ಹೋಗುತ್ತಾರೆ. ಗೆರೆ ಬರೀ ಗುಡ್ಡ ಕಣಿವೆಗಳಾಗಿ ಕಾಣುತ್ತದೆ. ಅದನ್ನು ನೋಡಿ "ನಡುವಿನ ಭಾಷಣ ಯಾರಿಗೂ ಬೇಡವಾಗಿತ್ತು" ಎನ್ನುವುದು ಅನ್ಯಾಯ. ನೃತ್ಯ, ನಾಟಕ, ಭಾಷಣಗಳನ್ನು ಬೇರೆ ಬೇರೆ ವಿಡಿಯೋಗಳಾಗಿ ಹಾಕಿ. ಆಗ ಪ್ರತಿಯೊಂದಕ್ಕೂ ಅದರದೇ 100 ಬಿಂದುಗಳ ಗೆರೆ ಸಿಗುತ್ತದೆ.

ಮನೆಗೆಲಸ

ಪಾಠ ಎಂದ ಮೇಲೆ ಮನೆಗೆಲಸ ಬೇಕಲ್ಲ! ಮಕ್ಕಳಿಗೆ ಸ್ವರಾಕ್ಷರ ಕಲಿಸುವ 5 ನಿಮಿಷದ ಒಂದು ವಿಡಿಯೋ ಇದೆ ಎಂದುಕೊಳ್ಳಿ. 0:20ಕ್ಕೆ 88 ಇದ್ದದ್ದು 0:40ಕ್ಕೆ 60, ಆಮೇಲೆ 2:00ರ ತನಕ 58. ಅಲ್ಲಿ "ಋ" ಬರೆಯುವಾಗ 71ಕ್ಕೆ ಏರಿ, ಮತ್ತೆ 57. 3:30ಕ್ಕೆ ಹಾಡು ಶುರುವಾದಾಗ 55ರಿಂದ 40ಕ್ಕೆ ಇಳಿದು, ಹಾಡು ಮುಗಿದ ಮೇಲೆ 53. ಮೂರು ಜಾಗಗಳಲ್ಲೂ ಏನಾಯಿತು, ಏನು ಮಾಡಬೇಕು?

ಉತ್ತರ: ಮೊದಲನೆಯದು ಮೆಟ್ಟಿಲು, ಇದ್ದವರಲ್ಲಿ ಸುಮಾರು ಮೂರನೇ ಒಂದು ಪಾಲು ವಾಪಸ್ ಬರದಂತೆ ಹೋದರು. ತಿದ್ದುವುದನ್ನು 0:20ಕ್ಕೆ ಸ್ವಲ್ಪ ಹಿಂದಿನಿಂದಲೇ ಶುರುಮಾಡಬೇಕು. ಎರಡನೆಯದು ಗುಡ್ಡ, ಮುಂಚಿನ ಮಟ್ಟಕ್ಕೇ ಮರಳಿದೆ, ಮಕ್ಕಳು "ಋ" ಬರೆಯುವುದನ್ನು ಮತ್ತೆ ಮತ್ತೆ ನೋಡಿದ್ದಾರೆ. ಅದನ್ನು ನಿಧಾನವಾಗಿ ಎರಡು ಸಲ ಬರೆದು ತೋರಿಸಿ. ಮೂರನೆಯದು ಕಣಿವೆ, ಹಾಡನ್ನು ಹಾರಿಸಿದರೂ ಪಾಠವನ್ನು ಬಿಟ್ಟಿಲ್ಲ. ಹಾಡನ್ನು ಕೊನೆಗೆ ಇಡಿ, ಬೇಕೆನ್ನುವ ಮಕ್ಕಳು ಅಲ್ಲಿ ಕೇಳಿಕೊಳ್ಳುತ್ತಾರೆ.